ಶೂಟರ್ ಆಟಗಳಲ್ಲಿ ಆಯುಧದ ಭಾರ ಮತ್ತು ಚಲನೆಯ ವೇಗ

ಬಂದೂಕಿನ ಆಟಗಳಲ್ಲಿ ಪಾತ್ರ ಎಷ್ಟು ವೇಗವಾಗಿ ಓಡಬಲ್ಲದು ಎಂಬುದನ್ನು ಅದರ ಕೈಯಲ್ಲಿರುವ ಆಯುಧವೇ ತೀರ್ಮಾನಿಸುವ ನಿಯಮ ವ್ಯಾಪಕವಾಗಿ ರೂಢಿಯಲ್ಲಿದೆ. ಚಾಕು ಹಿಡಿದವನು ಓಡುವಷ್ಟು ವೇಗವಾಗಿ ರೈಫಲ್ ಹಿಡಿದವನು ಓಡಲಾರ, ರೈಫಲ್ ಹಿಡಿದವನಷ್ಟು ವೇಗವಾಗಿ ಮಷಿನ್ ಗನ್ ಹೊತ್ತವನು ಓಡಲಾರ. ಇದರ ಜೊತೆಗೆ ಇನ್ನೊಂದು ದಂಡವೂ ಇದೆ. ಗುರಿ ಹಿಡಿಯಲು ಬಂದೂಕಿನ ಸೈಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿಕೊಂಡಾಗ ಅಥವಾ ಸ್ಕೋಪ್ ತೆರೆದಾಗ ವೇಗ ಮತ್ತಷ್ಟು ಕುಸಿಯುತ್ತದೆ. ಆಟಗಾರರ ಮಾತಿನಲ್ಲಿ ಇದು ಎಡಿಎಸ್ ದಂಡ. ಪಂದ್ಯಕ್ಕೆ ಮುನ್ನ ಅಥವಾ ಸುತ್ತಿನ ಆರಂಭದಲ್ಲಿ ಆರಿಸಿಕೊಳ್ಳುವ ಆಯುಧ, ಕವಚ, ಗ್ರೆನೇಡುಗಳ ಒಟ್ಟು ಸಾಮಗ್ರಿಗೆ ಲೋಡೌಟ್ ಎಂದು ಹೆಸರು.

ಕಾಗದದ ಮೇಲೆ ಇದು ಸರಳವಾದ ಕೋಷ್ಟಕ. ಆದರೆ ಆ ಕೋಷ್ಟಕದ ಅಂಕಿ ಹೇಳುವುದು ಎರಡು ಕಾಳಗಗಳ ನಡುವಿನ ಓಟದ ವೇಗವನ್ನು ಮಾತ್ರ. ಎದುರಾಳಿ ಕಣ್ಣಿಗೆ ಬಿದ್ದ ಕ್ಷಣದಿಂದ ಮೊದಲ ಗುಂಡು ನೇರವಾಗಿ ಹೋಗುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಬೇರೆಯೇ ಲೆಕ್ಕ. ಲೋಡೌಟ್ ಕಟ್ಟುವಾಗ ಹೆಚ್ಚಿನವರು ಎಡವುವುದು ಇವೆರಡನ್ನೂ ಒಂದೇ ಎಂದು ಎಣಿಸಿ. ಈ ವ್ಯತ್ಯಾಸ ನಿಚ್ಚಳವಾಗಿ ಕಾಣುವುದು ಕೌಂಟರ್-ಸ್ಟ್ರೈಕ್ ಸರಣಿಯಲ್ಲಿ. ಆದ್ದರಿಂದ ಈ ಲೇಖನ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಉಳಿದ ಆಟಗಳನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತದೆ.

ಹಿನ್ನೆಲೆ

1996ರ ಕ್ವೇಕ್‌ನಲ್ಲಿ ಆಯುಧಕ್ಕೂ ಓಟಕ್ಕೂ ಸಂಬಂಧವಿರಲಿಲ್ಲ. ರಾಕೆಟ್ ಲಾಂಚರ್ ಹೊತ್ತವನೂ ಕೊಡಲಿ ಹಿಡಿದವನೂ ಒಂದೇ ವೇಗದಲ್ಲಿ ಓಡುತ್ತಿದ್ದರು. ಮಿನ್ ಲೀ ಮತ್ತು ಜೆಸ್ ಕ್ಲಿಫ್ 1999ರಲ್ಲಿ ಹಾಫ್-ಲೈಫ್ ಆಟದ ಮೇಲೆ ಕಟ್ಟಿದ ಕೌಂಟರ್-ಸ್ಟ್ರೈಕ್‌ನಲ್ಲಿ ಪ್ರತಿ ಬಂದೂಕಿಗೂ ಅದರದೇ ಗರಿಷ್ಠ ವೇಗ ಗೊತ್ತಾಯಿತು. 2003ರ ಕಾಲ್ ಆಫ್ ಡ್ಯೂಟಿ ಬಂದೂಕಿನ ಸೈಟನ್ನು ಕಣ್ಣಿಗೆ ತಂದು ಗುರಿಯಿಡುವ ಕ್ರಮವನ್ನು ಮನೆಮಾತಾಗಿಸಿತು. ವೇಗದ ದಂಡ ಅದಕ್ಕೂ ಅಂಟಿಕೊಂಡಿತು.

2007ರ ಟೀಮ್ ಫೋರ್ಟ್ರೆಸ್ 2 ಮಾತ್ರ ವೇಗವನ್ನು ಬಂದೂಕಿನ ಬದಲು ಪಾತ್ರಕ್ಕೇ ಕಟ್ಟಿಹಾಕಿತು. ಅಲ್ಲಿ ಸ್ಕೌಟ್ ಸೆಕೆಂಡಿಗೆ 400 ಯೂನಿಟ್ ಓಡಿದರೆ ಹೆವಿ ಓಡುವುದು 230 ಯೂನಿಟ್. ಆ ಹೆವಿ ತನ್ನ ಮಿನಿಗನ್ ತಿರುಗಿಸತೊಡಗಿದೊಡನೆ ವೇಗ 110ಕ್ಕೆ ಇಳಿಯುತ್ತದೆ. ಸೈಟ್ ಎತ್ತುವ ಕ್ರಮವೇ ಇಲ್ಲದ ಪಾತ್ರಕ್ಕೂ ಎಡಿಎಸ್ ದಂಡದಂಥದ್ದೇ ಒಂದು ದಂಡ ಹೀಗೆ ಬೇರೆ ವೇಷದಲ್ಲಿ ಬಂದಿದೆ.

ಕೌಂಟರ್-ಸ್ಟ್ರೈಕ್‌ನ ವೇಗದ ಅಂಕಿಗಳು

2012ರಲ್ಲಿ ಬಂದ ಗ್ಲೋಬಲ್ ಅಫೆನ್ಸಿವ್ ಮತ್ತು 2023ರಲ್ಲಿ ಅದರ ಜಾಗಕ್ಕೆ ಬಂದ ಕೌಂಟರ್-ಸ್ಟ್ರೈಕ್ 2 ಎರಡರಲ್ಲೂ ವೇಗದ ಮಾನ ಸೆಕೆಂಡಿಗೆ ಇಷ್ಟು ಯೂನಿಟ್ ಎಂದು. ಆಟಗಾರನ ಮೈ 32 ಯೂನಿಟ್ ಅಗಲ, 72 ಯೂನಿಟ್ ಎತ್ತರದ ಒಂದು ಅದೃಶ್ಯ ಪೆಟ್ಟಿಗೆ. ಚಾಕು ಹಿಡಿದವನ ವೇಗ 250. ಅಂದರೆ ಅವನು ಒಂದು ಸೆಕೆಂಡಿನಲ್ಲಿ ತನ್ನ ಮೈಯಗಲದ ಸುಮಾರು ಎಂಟು ಪಟ್ಟು ದೂರ ಸಾಗುತ್ತಾನೆ. ಇದೇ ಆಟದ ಸಾಮಾನ್ಯ ಮೇಲ್ಮಿತಿ.

ಗ್ರೆನೇಡ್ ಹಿಡಿದರೆ 245. ಹೆಚ್ಚಿನ ಪಿಸ್ತೂಲುಗಳಿಗೂ ಮ್ಯಾಕ್-10, ಎಂಪಿ9ನಂಥ ಹಗುರ ಎಸ್‌ಎಂಜಿಗಳಿಗೂ 240. ರೈಫಲ್ ವರ್ಗದಲ್ಲಿ ಎಂ4ಕ್ಕೆ 225, ಎಕೆ-47ಕ್ಕೆ 215. ದೊಡ್ಡ ಸ್ನೈಪರ್ ಎಡಬ್ಲ್ಯೂಪಿಗೆ 200. ಎಂ249 ಮಷಿನ್ ಗನ್ 195ಕ್ಕೆ ಇಳಿದರೆ ನೆಗೆವ್ ಹೊತ್ತವನದು 150ರ ತೆವಳುವಿಕೆ. ಕವಚ ತೊಟ್ಟರೆ ನಡಿಗೆ ನಿಧಾನವಾಗುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ಬಹಳ ಕಾಣುತ್ತದೆ. ಅದು ಸುಳ್ಳು. ಕವಚಕ್ಕೂ ಬೆನ್ನ ಮೇಲಿನ ಬಂದೂಕಿಗೂ ಇಲ್ಲಿ ತೂಕವೇ ಇಲ್ಲ. ಲೆಕ್ಕಕ್ಕೆ ಬರುವುದು ಆ ಗಳಿಗೆಯಲ್ಲಿ ಕೈಯಲ್ಲಿರುವ ವಸ್ತುವೊಂದೇ.

ಈ ಕೊನೆಯ ನಿಯಮದಿಂದಲೇ ಆಟದ ಅತ್ಯಂತ ಹಳೆಯ ಅಭ್ಯಾಸವೊಂದು ಹುಟ್ಟಿದೆ. ಸುತ್ತು ಶುರುವಾದೊಡನೆ ಎಲ್ಲರೂ ಬಂದೂಕನ್ನು ಬಿಟ್ಟು ಚಾಕು ಹಿಡಿದು ಓಡುತ್ತಾರೆ. 3000 ಯೂನಿಟ್ ದೂರದ ದಾರಿಯನ್ನು ಚಾಕು ಹಿಡಿದು ಓಡಿದರೆ 12 ಸೆಕೆಂಡು ಹಿಡಿಯುತ್ತದೆ. ಅದೇ ದಾರಿಗೆ ಎಕೆ ಹಿಡಿದವನಿಗೆ ಹೆಚ್ಚುಕಡಿಮೆ 14, ಎಡಬ್ಲ್ಯೂಪಿ ಹಿಡಿದವನಿಗೆ 15, ನೆಗೆವ್ ಹೊತ್ತವನಿಗೆ 20 ಸೆಕೆಂಡು ಬೇಕು. ಎರಡು ತಂಡಗಳು ಒಂದೇ ಮೂಲೆಗೆ ಪೈಪೋಟಿಯಲ್ಲಿ ಓಡುತ್ತಿರುವಾಗ ಎರಡು ಸೆಕೆಂಡು ಎಂದರೆ ಒಬ್ಬ ಮೊದಲೇ ಬಂದು, ಸ್ಕೋಪ್ ತೆರೆದು, ಉಸಿರು ಬಿಗಿಹಿಡಿದು ಕಾಯುವಷ್ಟು ಹೊತ್ತು.

ಆದರೆ ಚಾಕುವಿನಿಂದ ರೈಫಲ್‌ಗೆ ಬದಲಾಯಿಸಲು ಸುಮಾರು ಒಂದು ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಕಾಲು ರೈಫಲ್‌ನ ವೇಗಕ್ಕೆ ಇಳಿದಿರುತ್ತದೆ, ಗುಂಡು ಮಾತ್ರ ಹಾರುವುದಿಲ್ಲ. ಎರಡೂ ಕಡೆಯ ನಷ್ಟ ಒಟ್ಟಿಗೇ ಬೀಳುವುದು ಈ ಒಂದು ಸೆಕೆಂಡಿನಲ್ಲಿ. ಹಾಗಾಗಿ ಅಪಾಯದ ಮೂಲೆಗೆ ಕನಿಷ್ಠ 215 ಯೂನಿಟ್, ಅಂದರೆ ಆರೇಳು ಮೈಯಗಲ ದೂರವಿರುವಾಗಲೇ ಬಂದೂಕು ಕೈಗೆ ಬಂದಿರಬೇಕು. ಮೂಲೆ ತಿರುಗುವಾಗ ಪರದೆಯಲ್ಲಿ ಚಾಕು ಕಂಡಿತೆಂದರೆ ಬದಲಾವಣೆ ತಡವಾಯಿತೆಂದೇ ಅರ್ಥ. ಸತ್ತ ಮೇಲೆ ‘ಗನ್ನೇ ಬರಲಿಲ್ಲ’ ಎಂದು ಗೊಣಗುವ ಆಟಗಾರ ಸಾಮಾನ್ಯವಾಗಿ ಈ ಆರೇಳು ಮೈಯಗಲದ ಲೆಕ್ಕ ತಪ್ಪಿದವನು.

ಹಳೆಯ 1.6 ಆವೃತ್ತಿಯಲ್ಲಿ ಇಲ್ಲೊಂದು ತಮಾಷೆಯಿತ್ತು. ಸ್ಕೌಟ್ ಎಂಬ ಹಗುರ ಸ್ನೈಪರ್ ಹಿಡಿದವನ ವೇಗ 260. ಅಂದರೆ ಬರಿಯ ಚಾಕು ಹಿಡಿದವನಿಗಿಂತ ಉದ್ದನೆಯ ಬಂದೂಕು ಹಿಡಿದವನೇ ವೇಗಿ. 2000ರ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕಾಸು ಕೊಟ್ಟು 1.6 ಆಡಿದವರಲ್ಲಿ ಕೆಲವರು ಸ್ಕೌಟ್ ಕೊಳ್ಳುತ್ತಿದ್ದುದು ಗುಂಡು ಹೊಡೆಯುವ ಸಲುವಾಗಿ ಅಲ್ಲವೇ ಅಲ್ಲ. ತೂಕಕ್ಕೆ ತಕ್ಕ ವೇಗ ಎಂಬ ತರ್ಕವನ್ನು ಆಟದ ಸಮತೋಲ ಎಷ್ಟು ಸಲೀಸಾಗಿ ಪಕ್ಕಕ್ಕೆ ಸರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಓಟದಿಂದ ಮೊದಲ ಗುಂಡಿನವರೆಗೆ

ಕೌಂಟರ್-ಸ್ಟ್ರೈಕ್‌ನಲ್ಲಿ ಓಡುತ್ತ ಹೊಡೆದ ರೈಫಲ್ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಗುಂಡು ನೇರವಾಗಲು ಪೂರ್ತಿ ನಿಲ್ಲಬೇಕೆಂದೇನೂ ಇಲ್ಲ. ಕೈಯಲ್ಲಿರುವ ಬಂದೂಕಿನ ಗರಿಷ್ಠ ವೇಗದ 34 ಶೇಕಡಕ್ಕಿಂತ ಕೆಳಗಿಳಿದರೆ ಚಲನೆಯ ದಂಡ ಸೊನ್ನೆಯಾಗುತ್ತದೆ. ಎಕೆಗೆ ಈ ಹೊಸ್ತಿಲು ಸುಮಾರು 73 ಯೂನಿಟ್. ಕುಕ್ಕರುಗಾಲಿನಲ್ಲಿ ನಡೆಯುವ ವೇಗವೂ ಗರಿಷ್ಠದ 34 ಶೇಕಡವೇ. ಬಗ್ಗಿ ನಡೆಯುತ್ತ ಹೊಡೆದವನ ಗುಂಡು ನೆಟ್ಟಗೆ ಹೋಗುವ ಗುಟ್ಟು ಇದು. ಶಿಫ್ಟ್ ಒತ್ತಿ ಸದ್ದಿಲ್ಲದೆ ನಡೆಯುವ ವೇಗ 52 ಶೇಕಡ. ಅದು ಹೊಸ್ತಿಲಿನ ಮೇಲಿದೆ, ಆದ್ದರಿಂದ ಅಲ್ಲಿ ಸ್ವಲ್ಪ ದಂಡ ಉಂಟು.

ಹೊಸ್ತಿಲನ್ನು ದಾಟಿದ ಮೇಲೆ ದಂಡ ಏರುವ ಬಗೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಏರದೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಗರಿಷ್ಠ ವೇಗದ 34ರಿಂದ 95 ಶೇಕಡದವರೆಗಿನ ಅಂತರವನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಪಟ್ಟಿಯೆಂದು ಇಟ್ಟುಕೊಳ್ಳೋಣ. ಓಡುತ್ತಿರುವವನಿಗೆ ಆಟ ವಿಧಿಸುವುದು ಆ ಅಳತೆಯ ನಾಲ್ಕನೇ ಮೂಲದಷ್ಟು ದಂಡ. ಎಕೆ ಹಿಡಿದವನ ವೇಗ 86ರಷ್ಟಿದೆ ಎನ್ನಿ. ಅವನು ಅಳತೆಪಟ್ಟಿಯಲ್ಲಿ ಏರಿರುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ಅವನ ತಲೆಗೆ ಬರುವುದು ಪೂರ್ಣ ಓಟದ ದಂಡದ 56 ಶೇಕಡ. ‘ಹೆಚ್ಚುಕಡಿಮೆ ನಿಂತಿದ್ದೆ, ಆದರೂ ಗುಂಡು ತಗುಲಲಿಲ್ಲ’ ಎಂಬ ದೂರಿನ ಹಿಂದೆ ಇರುವುದು ಈ ಗೋಡೆ. ಇಲ್ಲಿ ಹೆಚ್ಚುಕಡಿಮೆ ಎಂಬುದಕ್ಕೆ ಬೆಲೆಯಿಲ್ಲ.

ಹಾಗಾದರೆ 215ರಿಂದ 73ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು? ಆಟದಲ್ಲಿ ನೆಲದ ಘರ್ಷಣೆಯ ಅಂಕಿ 5.2. ಕೀಲಿಯನ್ನು ಸುಮ್ಮನೆ ಬಿಟ್ಟು ಘರ್ಷಣೆಗೇ ಕೆಲಸ ಒಪ್ಪಿಸಿದರೆ ಲೆಕ್ಕಕ್ಕೆ ಸಿಗುವುದು ಸೆಕೆಂಡಿನ ಐದನೇ ಒಂದು ಭಾಗ, ಅಂದರೆ 200 ಮಿಲಿಸೆಕೆಂಡಿನ ಆಸುಪಾಸು. ಅದರ ಬದಲು ಬಲಕ್ಕೆ ಓಡುತ್ತಿದ್ದವನು ಬಲದ ಕೀಲಿ ಬಿಟ್ಟು ಎಡದ ಕೀಲಿಯನ್ನು ಚಿಟಿಕೆ ಹೊಡೆದಂತೆ ಒತ್ತಿದರೆ ವಿರುದ್ಧ ದಿಕ್ಕಿನ ಎಳೆತವೂ ಘರ್ಷಣೆಯೊಂದಿಗೆ ಸೇರಿಕೊಂಡು ಆ ಹೊತ್ತು 70–80 ಮಿಲಿಸೆಕೆಂಡಿಗೆ ಇಳಿಯುತ್ತದೆ. ಇದಕ್ಕೆ ಕೌಂಟರ್-ಸ್ಟ್ರೇಫ್ ಎನ್ನುತ್ತಾರೆ. ಎಡದ ಕೀಲಿಯನ್ನು ತುಸು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಕಾಲು ಎಡಕ್ಕೆ ಓಡತೊಡಗಿ ಹೊಸ್ತಿಲನ್ನು ಆ ಕಡೆಯಿಂದ ಮತ್ತೆ ದಾಟಿಬಿಡುತ್ತದೆ. ತಪ್ಪುಗಳು ಆಗುವುದು ಈ ಎರಡು ತುದಿಗಳಲ್ಲೇ. ಬೇಗ ಹೊಡೆಯುವುದು ಒಂದು, ಹೆಚ್ಚು ಹೊತ್ತು ಒತ್ತುವುದು ಇನ್ನೊಂದು.

ತನ್ನ ತಪ್ಪು ಯಾವ ಬಗೆಯದೆಂದು ಆಟಗಾರ ತಾನೇ ನೋಡಿಕೊಳ್ಳಬಹುದು. ಒಬ್ಬನೇ ತೆರೆದ ಸರ್ವರ್‌ನಲ್ಲಿ ಕನ್ಸೋಲಿಗೆ ಹೋಗಿ ಇಷ್ಟು ಬರೆದರೆ ಪರದೆಯ ಮೂಲೆಯಲ್ಲಿ ಆ ಕ್ಷಣದ ವೇಗ ಕಾಣುತ್ತದೆ:

```
sv_cheats 1
cl_showpos 1
```

ಗೋಡೆಯೆದುರು ನಿಂತು, ಎಡಬಲಕ್ಕೆ ಓಡಿ, ಮೊದಲ ಗುಂಡು ಹಾರಿದ ಗಳಿಗೆಯ ಅಂಕಿ ನೋಡಬೇಕು. ಪರದೆಯನ್ನು ಫೋನಿನಲ್ಲಿ ನಿಧಾನ ಚಲನೆಯಲ್ಲಿ ಚಿತ್ರಿಸಿಕೊಂಡು ನೋಡಿದರೆ ಇನ್ನೂ ಸ್ಪಷ್ಟ. ಅಂಕಿ 73ಕ್ಕಿಂತ ಮೇಲಿದ್ದು ಇಳಿಯುತ್ತಿದ್ದರೆ ಬೆರಳು ಆತುರ ಪಟ್ಟಿದೆ. ಅಂಕಿ ಒಮ್ಮೆ ಸೊನ್ನೆಗೆ ಬಂದು ಮತ್ತೆ ಏರುತ್ತಿದ್ದರೆ ವಿರುದ್ಧ ಕೀಲಿ ಬಿಡುವುದು ತಡವಾಗಿದೆ.

ಸ್ಕೋಪ್ ತೆರೆದಾಗ

ಕೌಂಟರ್-ಸ್ಟ್ರೈಕ್‌ನ ಹೆಚ್ಚಿನ ಬಂದೂಕುಗಳಿಗೆ ಎಡಿಎಸ್ಸೇ ಇಲ್ಲ. ಇರುವವುಗಳಲ್ಲಿ ಹೆಚ್ಚಿನವಕ್ಕೆ ದಂಡ ದೊಡ್ಡದು. ಆಗ್ ರೈಫಲ್ ಸಾಮಾನ್ಯವಾಗಿ 220ರಲ್ಲಿ ಓಡುತ್ತದೆ, ಸ್ಕೋಪ್ ತೆರೆದರೆ 150ಕ್ಕೆ ಬರುತ್ತದೆ. ಎಡಬ್ಲ್ಯೂಪಿ 200ರಿಂದ ಸರಿಯಾಗಿ ಅರ್ಧಕ್ಕೆ, 100ಕ್ಕೆ ಇಳಿಯುತ್ತದೆ. ಈ 100 ಮೊದಲಿನಿಂದ ಇದ್ದದ್ದಲ್ಲ. 2015ರ ಮಾರ್ಚ್‌ವರೆಗೂ ಅದು 150 ಆಗಿತ್ತು. ಫ್ರಾನ್ಸಿನ ಕೆನ್ನಿಎಸ್‌ನಂಥ ಆಟಗಾರರು ಸ್ಕೋಪ್ ತೆರೆದೇ ಮೂಲೆಯಿಂದ ಹೊರಗೆ ಜಾರಿ, ಹೊಡೆದು, ಮತ್ತೆ ಒಳಗೆ ಜಾರುವ ಆಟಕ್ಕೆ ಹೆಸರಾಗಿದ್ದ ಕಾಲ ಅದು. ಬಂದೂಕಿನ ಹೊಡೆತ, ನಿಖರತೆ ಯಾವುದನ್ನೂ ಮುಟ್ಟದೆ ಆ ಒಂದು ಅಂಕಿಯನ್ನು ಬದಲಿಸಿದ್ದರಿಂದ ಎಡಬ್ಲ್ಯೂಪಿ ಮುನ್ನುಗ್ಗುವ ಆಯುಧದಿಂದ ಕಾದು ಕೂರುವ ಆಯುಧದ ಕಡೆಗೆ ವಾಲಿತು.

ಯಾಕೆಂದು ಹತ್ತಿರದಿಂದ ನೋಡಬಹುದು. ಗೋಡೆಯ ಅಂಚಿನಿಂದ ಒಂದು ಮೈಯಗಲ ಹೊರಗೆ ನಿಂತವನು ಮರೆಗೆ ಸರಿಯಲು 32 ಯೂನಿಟ್ ಸಾಗಬೇಕು. ಸ್ಕೋಪ್ ತೆರೆದ ಎಡಬ್ಲ್ಯೂಪಿಯಲ್ಲಿ ಅದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಹಿಡಿಯುತ್ತದೆ. ಎಕೆ ಹಿಡಿದವನಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಹೊಡೆದ ಗುಂಡು ತಪ್ಪಿದರೆ ಸ್ನೈಪರ್ ಬದುಕುವುದು ಬಿಡುವುದು ಈ ವ್ಯತ್ಯಾಸದಲ್ಲಿ. ಅದಕ್ಕೇ ಅನುಭವಿಗಳು ಗುಂಡು ಹಾರಿದ ಮರುಕ್ಷಣ ಚಾಕುವಿಗೆ ಬದಲಾಯಿಸುತ್ತಾರೆ. ಸ್ಕೋಪ್ ಮತ್ತೆ ತಾನಾಗಿ ತೆರೆದುಕೊಳ್ಳುವುದೂ ತಪ್ಪುತ್ತದೆ, ಕಾಲಿಗೆ 250ರ ಮಿತಿಯೂ ಸಿಗುತ್ತದೆ. ನೋಡುವವರಿಗೆ ಅದು ಚಾಕು ಆಡಿಸುವ ಶೋಕಿಯಂತೆ ಕಂಡರೂ ಅದರಲ್ಲಿ ಲೆಕ್ಕವಿದೆ.

ಸ್ಕೋಪಿನ ದಂಡ ಎರಡು ಸಲ ಬೀಳುತ್ತದೆ ಎಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ನಿಖರತೆಯ ಹೊಸ್ತಿಲು ಗರಿಷ್ಠ ವೇಗದ ಶೇಕಡವಾದ್ದರಿಂದ ಗರಿಷ್ಠ ವೇಗ ಕುಸಿದರೆ ಹೊಸ್ತಿಲೂ ಕೆಳಗಿಳಿಯುತ್ತದೆ. ಸ್ಕೋಪ್ ತೆರೆದ ಎಡಬ್ಲ್ಯೂಪಿಗೆ ಆ ಹೊಸ್ತಿಲು ಬರೀ 34 ಯೂನಿಟ್. 200ರಲ್ಲಿ ಓಡಿಬಂದು ಸ್ಕೋಪ್ ತೆರೆದವನು ಘರ್ಷಣೆಯನ್ನೇ ನಂಬಿದರೆ ಅಲ್ಲಿಗೆ ಇಳಿಯಲು 290 ಮಿಲಿಸೆಕೆಂಡಿನಷ್ಟು ಬೇಕು. ಎಸ್‌ಎಸ್‌ಜಿ 08 ಎಂಬ ಹಗುರ ಸ್ನೈಪರ್ ಸ್ಕೋಪ್ ಮುಚ್ಚಿದ್ದರೂ ತೆರೆದಿದ್ದರೂ 230ರಲ್ಲೇ ಓಡುತ್ತದೆ, ಅದಕ್ಕೆ ಸ್ಕೋಪಿನ ದಂಡವೇ ಇಲ್ಲ. ಅದರ ಹೊಸ್ತಿಲು 78. ಹೆಚ್ಚು ವೇಗದಿಂದ ಶುರುಮಾಡಿದರೂ ಅದು ಸುಮಾರು 200 ಮಿಲಿಸೆಕೆಂಡಿನಲ್ಲಿ ಸಿದ್ಧ. ಒಂದೇ ವರ್ಗದ ಎರಡು ಬಂದೂಕುಗಳು ಹೀಗೆ ಎರಡು ಬೇರೆ ಆಟಗಳನ್ನೇ ಆಡಿಸುತ್ತವೆ. ವರ್ಗದ ಹೆಸರು ನೋಡಿ ವೇಗವನ್ನು ಊಹಿಸುವುದು ಅಷ್ಟಕ್ಕಷ್ಟೇ.

2900 ಡಾಲರಿನಲ್ಲಿ ಒಂದು ಲೋಡೌಟ್

ಈ ಲೆಕ್ಕಗಳೆಲ್ಲ ಕೊಳ್ಳುವ ಕಿಟಕಿಯಲ್ಲಿ ಹೇಗೆ ಒಟ್ಟುಗೂಡುತ್ತವೆ ಎಂಬುದಕ್ಕೆ ಒಂದು ಪ್ರಸಂಗ. ಮಿರಾಜ್ ನಕ್ಷೆಯಲ್ಲಿ ಟೆರರಿಸ್ಟ್ ಬದಿಯ ಆಟಗಾರನೊಬ್ಬನ ಕೈಯಲ್ಲಿ ಆಟದ 2900 ಡಾಲರ್ ಇದೆ. ತಂಡದ ತೀರ್ಮಾನ, ಅಪಾರ್ಟ್‌ಮೆಂಟ್ ದಾರಿಯಿಂದ ಬಿ ನಿವೇಶನಕ್ಕೆ ಒಟ್ಟಾಗಿ ನುಗ್ಗುವುದು.

ಅಭ್ಯಾಸಬಲದಿಂದ ಬೆರಳು ಹೋಗುವುದು ಎಕೆ ಕಡೆಗೆ. ಅದರ ಬೆಲೆ 2700. ಉಳಿದ 200ರಲ್ಲಿ ಒಂದು ಫ್ಲ್ಯಾಶ್ ಬರುತ್ತದೆ, ಕವಚಕ್ಕೆ ಹಣವಿಲ್ಲ. ಎಕೆಯ ಗುಂಡು ಹೆಲ್ಮೆಟ್ ಇದ್ದ ತಲೆಯನ್ನೂ ಒಂದೇ ಏಟಿಗೆ ತೆಗೆಯುತ್ತದೆ, ಅದರ ಹಿರಿಮೆ ಅದು. ಆದರೆ ಆ ಏಟಿಗೆ ಮೊದಲು ಕಾಲು ನಿಲ್ಲಬೇಕು. ಕಿಟಕಿಯಿಂದ ಕೆಳಗೆ ಹಾರಿ ಇಕ್ಕಟ್ಟಿನ ಜಾಗಕ್ಕೆ ನುಗ್ಗುವವನು, ಮೂರು ದಿಕ್ಕಿನಿಂದ ಗುಂಡು ಬರುವಾಗ, ಕವಚವಿಲ್ಲದೆ, ನಿಂತು ಹೊಡೆಯಬೇಕು. ಅವನು ಎಂಬತ್ತು ಮಿಲಿಸೆಕೆಂಡಿನಲ್ಲಿ ನಿಲ್ಲಬಲ್ಲನಾದರೂ ನಿಂತದ್ದೇ ಎದುರಾಳಿಗೆ ಸುಲಭದ ಗುರಿಯಾಗುತ್ತಾನೆ.

ಅದೇ ಹಣದಲ್ಲಿ ಮ್ಯಾಕ್-10ಕ್ಕೆ 1050, ಕವಚ ಮತ್ತು ಹೆಲ್ಮೆಟ್ಟಿಗೆ 1000, ಒಂದು ಸ್ಮೋಕ್‌ಗೆ 300, ಎರಡು ಫ್ಲ್ಯಾಶಿಗೆ 400. ಒಟ್ಟು 2750, ಕೈಯಲ್ಲಿ 150 ಉಳಿಯಿತು. ಮ್ಯಾಕ್-10 ಹಿಡಿದು 240ರಲ್ಲಿ ಓಡಬಹುದು. ಚಾಕುವಿಗೂ ಅದಕ್ಕೂ ಇರುವ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಬಂದೂಕನ್ನು ಕೈಯಲ್ಲೇ ಹಿಡಿದು ಓಡಿದರೂ 3000 ಯೂನಿಟ್‌ಗೆ ಅರ್ಧ ಸೆಕೆಂಡು ಮಾತ್ರ ನಷ್ಟ. ಆಯುಧ ಬದಲಾಯಿಸುವ ಆ ಅಪಾಯದ ಒಂದು ಸೆಕೆಂಡಿನ ಗೊಡವೆಯೇ ಇಲ್ಲ. ಎಸ್‌ಎಂಜಿಗಳಿಗೆ ಓಟದಲ್ಲಿ ಗುಂಡು ಚದುರುವ ದಂಡ ರೈಫಲ್‌ಗಿಂತ ಎಷ್ಟೋ ಕಡಿಮೆ. ಹಾಗಾಗಿ ಕೋಣೆಯಷ್ಟು ದೂರದಲ್ಲಿ ನಿಲ್ಲದೆಯೇ ಹೊಡೆಯಬಹುದು. ಮೇಲಾಗಿ ಎಕೆಯಲ್ಲಿ ಒಬ್ಬನನ್ನು ಹೊಡೆದರೆ 300 ಡಾಲರ್, ಮ್ಯಾಕ್-10ರಲ್ಲಿ 600. ಇಬ್ಬರು ಬಿದ್ದರೆ ಬಂದೂಕಿನ ಬೆಲೆ ಬಂದು ಮೇಲೆ ಚಿಲ್ಲರೆಯೂ ಉಳಿಯಿತು.

ಆದರೆ ಇದೇ ಮ್ಯಾಕ್-10 ಹಿಡಿದು ನಕ್ಷೆಯ ನಡುವಿನ ಉದ್ದನೆಯ ದಾರಿಗೆ ಹೋದರೆ ವೇಗ ಯಾವ ಉಪಕಾರಕ್ಕೂ ಬರುವುದಿಲ್ಲ. ದೂರ ಹೆಚ್ಚಿದಂತೆ ಅದರ ಗುಂಡು ಕಸುವು ಕಳೆದುಕೊಳ್ಳುತ್ತದೆ, ಹೆಲ್ಮೆಟ್ ಇದ್ದ ತಲೆ ಒಂದೇ ಗುಂಡಿಗೆ ಬೀಳುವುದೂ ಇಲ್ಲ. ಅಲ್ಲಿಗೆ ಹೋಗಲೇಬೇಕಾದವನಿಗೆ ಮೂರನೆಯ ದಾರಿಯೊಂದಿದೆ. 1700ರ ಎಸ್‌ಎಸ್‌ಜಿ, 1000ದ ಕವಚ-ಹೆಲ್ಮೆಟ್, 200ರ ಒಂದು ಫ್ಲ್ಯಾಶ್, ಅಲ್ಲಿಗೆ 2900 ಮುಗಿಯಿತು. ಅವನು ಸ್ಕೋಪ್ ತೆರೆದೇ 230ರಲ್ಲಿ ಮೂಲೆಯಿಂದ ಹೊರಬಂದು ಒಂದು ಗುಂಡು ಹೊಡೆದು ಒಳಸರಿಯಬಲ್ಲ. ತಲೆಗೆ ತಗುಲಿದರೆ ಎಷ್ಟು ದೂರದಲ್ಲಿದ್ದರೂ ಸಾವು. ಕವಚ ತೊಟ್ಟ ಎದೆಗೆ ತಗುಲಿದರೆ ಎದುರಾಳಿ ಬದುಕಿ ಉಳಿಯುತ್ತಾನೆ. ಎಡಬ್ಲ್ಯೂಪಿಯಿಂದ ಇದು ಬೇರೆಯಾಗುವುದು ಅಲ್ಲೇ.

ಮೂರರಲ್ಲಿ ಯಾವುದು ಒಳ್ಳೆಯದೆಂದು ಕೇಳುವ ಮೊದಲು ಕೇಳಬೇಕಾದ್ದು, ಮೊದಲ ಕಾಳಗ ಎಷ್ಟು ದೂರದಲ್ಲಿ ನಡೆಯಲಿದೆ, ಆಗ ನಿಂತು ಹೊಡೆಯಲು ಬಿಡುವು ಸಿಕ್ಕೀತೇ ಎಂದು. ಅಪಾರ್ಟ್‌ಮೆಂಟಿನ ನುಗ್ಗಾಟಕ್ಕೆ ಈ ಲೇಖಕನ ಮತ ಮ್ಯಾಕ್-10ಕ್ಕೆ. ಐವರಲ್ಲಿ ಹಿಂದೆ ಬರುವ ಇಬ್ಬರ ಬಳಿಯಾದರೂ ರೈಫಲ್ ಇರಬೇಕು ಎಂಬ ಷರತ್ತಿನೊಂದಿಗೆ. ಬಾಂಬ್ ಇಟ್ಟ ಮೇಲೆ ಆಟ ದೂರದ ಆಟವಾಗುತ್ತದೆ. ಆಗ ಬಿದ್ದವರ ಎಂ4 ಎತ್ತಿಕೊಳ್ಳುವುದು ಜಾಣತನ.

ವ್ಯಾಲೊರೆಂಟ್

2020ರ ಜೂನ್ 2ರಂದು ಬಿಡುಗಡೆಯಾದ ವ್ಯಾಲೊರೆಂಟ್ ಕೌಂಟರ್-ಸ್ಟ್ರೈಕ್‌ನ ಎಲುಬುಗೂಡನ್ನೇ ತೆಗೆದುಕೊಂಡಿದ್ದರೂ ವೇಗವನ್ನು ಬಂದೂಕಿಗೊಂದರಂತೆ ಹಂಚದೆ ಬಹುಮಟ್ಟಿಗೆ ವರ್ಗವಾರು ಹಂಚುತ್ತದೆ. ಚಾಕು ಹಿಡಿದರೆ ಸೆಕೆಂಡಿಗೆ 6.75 ಮೀಟರ್. ಹೆಚ್ಚಿನ ಪಿಸ್ತೂಲುಗಳಿಗೂ ಎಸ್‌ಎಂಜಿಗಳಿಗೂ 5.73. ವ್ಯಾಂಡಲ್, ಫ್ಯಾಂಟಮ್ ರೈಫಲ್‌ಗಳೆರಡಕ್ಕೂ 5.4. ಆಪರೇಟರ್ ಸ್ನೈಪರಿಗೂ ಮಷಿನ್ ಗನ್ನುಗಳಿಗೂ 5.13. ಚಾಕುವಿನಿಂದ ರೈಫಲಿಗೆ ಇಲ್ಲಿ 20 ಶೇಕಡ ಇಳಿತ. ಕೌಂಟರ್-ಸ್ಟ್ರೈಕ್‌ನಲ್ಲಿ ಎಕೆಗೆ ಅದು 14 ಶೇಕಡ. ಆದ್ದರಿಂದ ಚಾಕು ಹಿಡಿದು ಓಡುವುದರ ಲಾಭ ಇಲ್ಲಿ ಇನ್ನೂ ಹೆಚ್ಚು. ಎಸ್‌ಎಂಜಿ ಹಿಡಿದವನಿಗೆ ರೈಫಲಿನವನ ಮೇಲೆ ಸಿಗುವ ಮುನ್ನಡೆ ಮಾತ್ರ ಆರು ಶೇಕಡ. ಕೌಂಟರ್-ಸ್ಟ್ರೈಕ್‌ನಲ್ಲಿ ಮ್ಯಾಕ್-10ಕ್ಕೆ ಎಕೆಯ ಮೇಲೆ ಸಿಗುವುದು ಅದರ ಎರಡರಷ್ಟು. ಇಲ್ಲಿ ವೇಗದ ಆಸೆಗೆ ಎಸ್‌ಎಂಜಿ ಕೊಳ್ಳುವವರು ಕಡಿಮೆ ಇರುವುದು ಆಶ್ಚರ್ಯವಲ್ಲ. ನಿಜವಾದ ಓಟ ಜೆಟ್, ರೇಜ್ ಮೊದಲಾದ ಪಾತ್ರಗಳ ವಿಶೇಷ ಶಕ್ತಿಗಳಲ್ಲಿದೆ.

ರೈಫಲ್‌ಗಳಿಗೆ ಇಲ್ಲಿ ಎಡಿಎಸ್ ಉಂಟು. ಒತ್ತಿದರೆ ಕೊಂಚ ಹಿಗ್ಗಿದ ನೋಟ ಸಿಗುತ್ತದೆ. ಕಾಲಿನ ವೇಗ 76 ಶೇಕಡಕ್ಕೂ ಗುಂಡಿನ ಗತಿ 90 ಶೇಕಡಕ್ಕೂ ಇಳಿಯುತ್ತದೆ. ಹತ್ತಿರದ ಕಾಳಗದಲ್ಲಿ ಬಲಗುಂಡಿ ಒತ್ತುವ ಚಟ ಇರುವವನು ಎರಡು ತೆರಿಗೆಗಳನ್ನು ಒಟ್ಟಿಗೆ ಕಟ್ಟುತ್ತಿರುತ್ತಾನೆ. 2020ರ ಅಕ್ಟೋಬರಿನಲ್ಲಿ ಆಪರೇಟರ್‌ನ ಹಾವಳಿ ತಗ್ಗಿಸಲು ಮಾಡಿದ ತಿದ್ದುಪಡಿಗಳಲ್ಲಿ ಸ್ಕೋಪ್ ತೆರೆದಾಗಿನ ವೇಗವನ್ನು 76ರಿಂದ 72 ಶೇಕಡಕ್ಕೆ ಇಳಿಸಿದ್ದೂ ಒಂದು. ಎಡಬ್ಲ್ಯೂಪಿಗೆ ಐದು ವರ್ಷ ಮೊದಲು ಕೊಟ್ಟ ಮದ್ದೇ ಇಲ್ಲೂ ಸಣ್ಣ ಗುಳಿಗೆಯಲ್ಲಿ ಬಂತು.

ಕಾಲ್ ಆಫ್ ಡ್ಯೂಟಿ

ಈ ಸರಣಿಯಲ್ಲಿ ಎಡಿಎಸ್ಸೇ ಆಟದ ಉಸಿರು, ಆದ್ದರಿಂದ ದಂಡದ ಸ್ವರೂಪವೂ ಬದಲು. 2007ರ ಮಾಡರ್ನ್ ವಾರ್‌ಫೇರ್‌ನಲ್ಲಿ ಎಸ್‌ಎಂಜಿಗೆ ಪೂರ್ಣ ವೇಗ, ಅಸಾಲ್ಟ್ ರೈಫಲಿಗೆ 95 ಶೇಕಡ, ಎಲ್‌ಎಂಜಿಗೆ 87.5 ಶೇಕಡ. ಓಟದ ಅಂತರ ಇಷ್ಟೇ. ಹೆಚ್ಚು ತೂಕದ್ದು ಕಾಲಾವಧಿ. ಸೈಟ್ ಕಣ್ಣಿಗೆ ಬರಲು ಎಷ್ಟು ಹೊತ್ತು, ಓಟ ನಿಲ್ಲಿಸಿ ಗುಂಡು ಹೊಡೆಯಲು ಎಷ್ಟು ಹೊತ್ತು ಎಂಬವು. ಸರಣಿಯ ಈಚಿನ ಆಟಗಳಲ್ಲಿ ಎಸ್‌ಎಂಜಿಗೆ ಸೈಟ್ ಏರಲು ಸೆಕೆಂಡಿನ ಐದನೇ ಒಂದರ ಆಸುಪಾಸು, ರೈಫಲಿಗೆ ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಎಲ್‌ಎಂಜಿಗೆ ಅದಕ್ಕಿಂತ ಬಹಳ ಹೆಚ್ಚು. ಇಲ್ಲಿ ಓಡುತ್ತ ಹೊಡೆದರೆ ಗುಂಡು ಚದುರುವುದಕ್ಕಿಂತ ಮೊದಲ ಗುಂಡು ಹೊರಡುವುದೇ ತಡವಾಗುವುದು ಪ್ರಾಣ ತೆಗೆಯುತ್ತದೆ.

2019ರ ಮಾಡರ್ನ್ ವಾರ್‌ಫೇರ್ ತಂದ ಗನ್‌ಸ್ಮಿತ್ ಏರ್ಪಾಟಿನಲ್ಲಿ ಆಟಗಾರ ಈ ಕಾಲಾವಧಿಗಳನ್ನು ಬಿಡಿಭಾಗ ಬದಲಾಯಿಸಿ ತಾನೇ ತಿದ್ದಬಹುದು. ಹಿಂಬದಿಯ ಸ್ಟಾಕ್ ತೆಗೆದುಹಾಕಿದರೆ ಸೈಟ್ ಬೇಗ ಏರುತ್ತದೆ, ನಡೆಯೂ ಚುರುಕಾಗುತ್ತದೆ, ಆದರೆ ಬಂದೂಕು ಹೆಚ್ಚು ಒದೆಯುತ್ತದೆ. ಉದ್ದನೆಯ ಬ್ಯಾರಲ್, ದೊಡ್ಡ ಮ್ಯಾಗಝಿನ್ ಹಾಕಿದರೆ ಇದರ ಉಲ್ಟಾ. ಇಲ್ಲಿನ ಸಾಮಾನ್ಯ ತಪ್ಪೆಂದರೆ ಒಂದೇ ಬಂದೂಕಿಗೆ ದೂರದ ಬ್ಯಾರಲನ್ನೂ ಹತ್ತಿರದ ಸ್ಟಾಕನ್ನೂ ಕಟ್ಟಿ ಎರಡೂ ಸಿಕ್ಕಿತೆಂದು ತಿಳಿಯುವುದು. ಎರಡು ಭಾಗಗಳ ಲಾಭ-ನಷ್ಟ ಒಂದನ್ನೊಂದು ತಿಂದು ಕೊನೆಗೆ ಕೈಯಲ್ಲಿ ಉಳಿಯುವುದು ಯಾವ ದೂರಕ್ಕೂ ಸಲ್ಲದ ಬಂದೂಕು. ವಾರ್‌ಝೋನ್‌ನಲ್ಲಿ ದೂರಕ್ಕೊಂದು ರೈಫಲ್, ಹತ್ತಿರಕ್ಕೆ ಮತ್ತು ಓಟಕ್ಕೆ ಒಂದು ಎಸ್‌ಎಂಜಿ ಎಂದು ಕೆಲಸ ಹಂಚುವುದು ಇದಕ್ಕಿಂತ ಲೇಸು.

ಚಲನೆಯ ಸುತ್ತಲೇ ಕಟ್ಟಿದ ಲೋಡೌಟಿನ ಪರಮಾವಧಿ ಸಿಕ್ಕಿದ್ದು 2009ರ ಮಾಡರ್ನ್ ವಾರ್‌ಫೇರ್ 2ರಲ್ಲಿ. ಬೇಕಾದಷ್ಟು ಹೊತ್ತು ಓಡಲು ಮ್ಯಾರಥಾನ್, 7 ಶೇಕಡ ಹೆಚ್ಚು ವೇಗಕ್ಕೆ ಲೈಟ್‌ವೆಯ್ಟ್, ದೂರದಿಂದಲೇ ಚಾಕುವಿನೊಂದಿಗೆ ಎರಗಲು ಕಮಾಂಡೊ, ಕೈಯಲ್ಲಿ ಟ್ಯಾಕ್ಟಿಕಲ್ ನೈಫ್ ಜೋಡಿಸಿದ ಪಿಸ್ತೂಲು. ಈ ಲೋಡೌಟಿಗೆ ಎಡಿಎಸ್ ದಂಡವೇ ಇರಲಿಲ್ಲ, ಏಕೆಂದರೆ ಅದು ಗುರಿಯಿಡುವ ಗೋಜಿಗೇ ಹೋಗುತ್ತಿರಲಿಲ್ಲ. ಎದುರಿಗೆ ಸಿಕ್ಕವರು ಅದನ್ನು ಮನಸಾರೆ ಶಪಿಸಿದರು.

ಬಿಜಿಎಂಐ

ಕರ್ನಾಟಕದಲ್ಲಿ ಇಂದು ಹೆಚ್ಚಿನ ಜನರ ಕೈಗೆ ಬಂದೂಕಿನ ಆಟ ಬಂದಿರುವುದು ಮೊಬೈಲಿನಲ್ಲಿ. 2021ರ ಜುಲೈ 2ರಂದು ಬಿಡುಗಡೆಯಾದ ಬಿಜಿಎಂಐ ಅವುಗಳಲ್ಲಿ ಮುಖ್ಯವಾದುದು. ಇಲ್ಲೂ ಬರಿಗೈಯ ಓಟವೇ ಎಲ್ಲಕ್ಕಿಂತ ವೇಗ. ನೀಲಿ ವಲಯ ಬೆನ್ನಟ್ಟಿ ಬರುವಾಗ ಗನ್ನನ್ನು ಬೆನ್ನಿಗೆ ಹಾಕಿ ಓಡು ಎಂದು ಜೊತೆಗಾರರು ಕೂಗುವುದು ಇದಕ್ಕೇ. ಎನರ್ಜಿ ಡ್ರಿಂಕ್ ಕುಡಿದು, ಪೇನ್‌ಕಿಲ್ಲರ್ ನುಂಗಿ ಬೂಸ್ಟ್ ಪಟ್ಟಿ ಮೇಲೇರಿದರೆ ಓಟ ಇನ್ನೂ ಕೊಂಚ ಚುರುಕಾಗುತ್ತದೆ. ಲೋಡೌಟಿನಲ್ಲಿ ವೇಗವನ್ನು ಬಂದೂಕಿನಿಂದಲ್ಲದೆ ಚೀಲದಿಂದ ತೆಗೆಯುವ ಉಪಾಯ ಇದು.

ಸ್ಕೋಪ್ ತೆರೆದೊಡನೆ ಕಾಲು ನಿಧಾನವಾಗುವುದು ಇಲ್ಲೂ ತಪ್ಪಿದ್ದಲ್ಲ. ಆದರೆ ಟಚ್ ಪರದೆಯಲ್ಲಿ ಆ ದಂಡ ಬೆರಳಿಗೂ ಬೀಳುತ್ತದೆ. ಎರಡೇ ಹೆಬ್ಬೆರಳಿನಲ್ಲಿ ಆಡುವವನ ಬಲ ಹೆಬ್ಬೆರಳು ಸ್ಕೋಪ್ ಗುಂಡಿ ಒತ್ತಲು ಹೋದಾಗ ಗುರಿ ತಿರುಗಿಸಲು ಬೆರಳು ಉಳಿಯುವುದಿಲ್ಲ. ಮೂರು, ನಾಲ್ಕು ಬೆರಳಿನ ಹಿಡಿತ ಕಲಿತವನು ಎಡ ತೋರುಬೆರಳಿನಲ್ಲಿ ಸ್ಕೋಪ್ ತೆರೆದು, ಎಡ ಹೆಬ್ಬೆರಳಿನಲ್ಲಿ ಪಕ್ಕಕ್ಕೆ ಸರಿಯುತ್ತ, ಬಲ ಹೆಬ್ಬೆರಳಿನಲ್ಲಿ ಗುರಿ ಹಿಡಿಯುತ್ತಾನೆ. ಇಬ್ಬರ ಪಾತ್ರಗಳೂ ಸ್ಕೋಪ್ ತೆರೆದಾಗ ಓಡುವುದು ಒಂದೇ ವೇಗದಲ್ಲಿ. ಆದರೂ ಮೊದಲನೆಯವನು ಸ್ಕೋಪ್ ತೆರೆದ ಪ್ರತಿಸಲ ಒಂದು ಗಳಿಗೆ ಮರದಂತೆ ನಿಲ್ಲುತ್ತಾನೆ. ಆಟದ ಯಾವ ಅಂಕಿಪಟ್ಟಿಯಲ್ಲೂ ಆ ಗಳಿಗೆ ನಮೂದಾಗಿರುವುದಿಲ್ಲ.